ಹಿರಿಯ ಲೆಕ್ಕಿಗರ ಹುದ್ದೆಗೆ ಬಡ್ತಿ ಕೋರಿ ಅರ್ಜಿ

ಬಡ್ತಿ ಸಮಿತಿಯ ಸದಸ್ಯರಿಗೆ,

ಮಾನ್ಯರೇ,

ನಾನು ಲೆಕ್ಕಪತ್ರ ವಿಭಾಗದಲ್ಲಿ ಸಹಾಯಕಿ. ಖಾಲಿ ಇರುವ ಹಿರಿಯ ಲೆಕ್ಕಿಗರ ಹುದ್ದೆಗೆ ನನ್ನನ್ನು ಪರಿಗಣಿಸಬೇಕೆಂದು ಕೋರುತ್ತೇನೆ.

ನನ್ನ ದರ್ಜೆಯ ಕೆಲಸ ಬಿಲ್ ನಮೂದಿಸುವುದು, ವೋಚರ್ ಜೋಡಿಸುವುದು, ಅಷ್ಟೇ. ಆದರೆ ಹಿಂದಿನ ಹಿರಿಯ ಲೆಕ್ಕಿಗರು ನಿವೃತ್ತರಾದಾಗಿನಿಂದ ತಿಂಗಳ ಕೊನೆಯ ಲೆಕ್ಕ ಮುಗಿಸುವ ಹೊಣೆ ನನ್ನದೇ. ಬ್ಯಾಂಕ್ ಸ್ಟೇಟ್‌ಮೆಂಟ್ ತಾಳೆ ನೋಡುತ್ತೇನೆ, ಬಾಕಿ ಪಟ್ಟಿ ತಯಾರಿಸುತ್ತೇನೆ, ಆಡಿಟರ್‌ಗಳ ಪ್ರಶ್ನೆಗೆ ಉತ್ತರ ಕೊಡುತ್ತೇನೆ. ಸಹಿ ಮಾತ್ರ ವ್ಯವಸ್ಥಾಪಕರದು.

ಕಳೆದ ಆಡಿಟ್‌ಗೆ ಮುಂಚೆ, ಒಂದೇ ಬಿಲ್‌ಗೆ ಎರಡು ಸಲ ಹಣ ಹೋಗಿದ್ದು ನನ್ನ ಕಣ್ಣಿಗೆ ಬಿತ್ತು. ಎರಡನೇ ಸಲ ನಂಬರಿನ ನಡುವೆ ಒಂದು ಅಡ್ಡಗೆರೆ ಜಾಸ್ತಿ ಇತ್ತು. ಸಾಫ್ಟ್‌ವೇರ್ ಅದನ್ನು ಹೊಸ ಬಿಲ್ ಎಂದೇ ತೆಗೆದುಕೊಂಡಿತ್ತು. ಪೂರೈಕೆದಾರರ ಜೊತೆ ಮಾತಾಡಿ ಹಣ ವಾಪಸ್ ತರಿಸಿದೆ. ಈಗ ಪಾವತಿಗೆ ಮುಂಚೆ ಮೊತ್ತ, ತಾರೀಕು ಎರಡನ್ನೂ ಹೋಲಿಸುತ್ತೇವೆ. ಈ ಪದ್ಧತಿ ನಾನು ಸೂಚಿಸಿದ್ದು, ಇಡೀ ವಿಭಾಗ ಪಾಲಿಸುತ್ತಿದೆ.

ಹೊಸಬರಿಗೆ ಕೆಲಸ ಕಲಿಸುತ್ತಿರುವುದೂ ನಾನೇ. ಅದು ನನಗೆ ತುಂಬಾ ಇಷ್ಟದ ಕೆಲಸ.

ಜವಾಬ್ದಾರಿ ಈಗಾಗಲೇ ಹೊತ್ತಿದ್ದೇನೆ. ಅದಕ್ಕೆ ತಕ್ಕ ಹುದ್ದೆ ಮತ್ತು ಅಧಿಕಾರ ಸಿಕ್ಕರೆ, ಸಣ್ಣ ತೀರ್ಮಾನಗಳಿಗೂ ಕಾಯಬೇಕಾದ ಸ್ಥಿತಿ ತಪ್ಪುತ್ತದೆ. ತಾಳೆ ಪಟ್ಟಿಗಳು ಮತ್ತು ವ್ಯವಸ್ಥಾಪಕರ ಶಿಫಾರಸು ಪತ್ರ ಲಗತ್ತಿಸಿದ್ದೇನೆ. ಸಂದರ್ಶನಕ್ಕೆ ಯಾವಾಗ ಕರೆದರೂ ಬರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಸಹಾಯಕಿ, ಲೆಕ್ಕಪತ್ರ ವಿಭಾಗ