ನಿಶ್ಚಿತ ಠೇವಣಿಯ ಒಂದು ಭಾಗದ ವಿಚಾರವಾಗಿ ಅಪ್ಪನಿಗೆ ಪತ್ರ

ಬೆಂಗಳೂರು
18 ಜನವರಿ 2026

ತೀರ್ಥರೂಪು ಅಪ್ಪನವರಿಗೆ, ಮಗಳು ಸುಮಾ ಮಾಡುವ ಸಾಷ್ಟಾಂಗ ನಮಸ್ಕಾರಗಳು.

ಇಲ್ಲಿ ನಾವೆಲ್ಲರೂ ಕ್ಷೇಮವಾಗಿದ್ದೇವೆ. ಸಂಕ್ರಾಂತಿಗೆ ಶಿವಮೊಗ್ಗಕ್ಕೆ ಬಂದಿದ್ದಾಗ ಠೇವಣಿಯ ಮಾತು ಅರ್ಧಕ್ಕೇ ನಿಂತಿತು. ಎದುರು ಕೂತು ಮಾತನಾಡಿದರೆ ನಾನು ಅವಸರಪಡುತ್ತೇನೆ, ನೀವು "ಆಮೇಲೆ ನೋಡೋಣ" ಎನ್ನುತ್ತೀರಿ. ಆದ್ದರಿಂದ ನನ್ನ ಲೆಕ್ಕವನ್ನೆಲ್ಲ ಬರೆದು ಕಳಿಸುತ್ತಿದ್ದೇನೆ. ನಿಧಾನವಾಗಿ ಓದಿ, ಎಲ್ಲಿ ಒಪ್ಪಿಗೆಯಿಲ್ಲವೋ ಅಲ್ಲಿ ಪೆನ್ಸಿಲಿನಲ್ಲಿ ಗುರುತು ಹಾಕಿಟ್ಟುಕೊಳ್ಳಿ.

ಬೀರುವಿನಲ್ಲಿರುವ ಆ ನೀಲಿ ಫೈಲಿನ ಠೇವಣಿ ರಸೀದಿಗಳನ್ನು ಅಂದು ನೀವೇ ತೋರಿಸಿದಿರಿ. ಪ್ರತಿಯೊಂದರ ಮೂಲೆಯಲ್ಲೂ ಅವಧಿ ಮುಗಿಯುವ ದಿನಾಂಕ ಮತ್ತು ಬಡ್ಡಿ ದರವನ್ನು ಕೆಂಪು ಶಾಯಿಯಲ್ಲಿ ಬರೆದಿದ್ದೀರಿ. ಎರಡು ರಾಷ್ಟ್ರೀಕೃತ ಬ್ಯಾಂಕುಗಳಲ್ಲಿ ಸೇರಿ 32 ಲಕ್ಷ, ಊರಿನ ಸಹಕಾರಿ ಬ್ಯಾಂಕಿನಲ್ಲಿ 16 ಲಕ್ಷ, ಹೀಗೆ ಒಟ್ಟು 48 ಲಕ್ಷ ರೂಪಾಯಿ. ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ ಇನ್ನೊಂದು 15 ಲಕ್ಷವಿದೆ. ಇದರಲ್ಲಿ 12 ಲಕ್ಷವನ್ನು ಮಾತ್ರ, ಅಂದರೆ ಬ್ಯಾಂಕ್ ಠೇವಣಿಗಳ ಕಾಲು ಭಾಗವನ್ನು, ಹಲವು ಉದ್ಯಮಗಳಿಗೆ ಹಂಚಿ ಹೂಡುವ ಮ್ಯೂಚುವಲ್ ಫಂಡುಗಳಿಗೆ ವರ್ಗಾಯಿಸಬೇಕೆಂಬುದು ನನ್ನ ಕೋರಿಕೆ. ಉಳಿದ 36 ಲಕ್ಷ ಮತ್ತು ಅಂಚೆ ಕಚೇರಿಯ ಹಣ ಇದ್ದಲ್ಲೇ ಇರಲಿ. ಶೇ 8.2ರ ಬಡ್ಡಿ ಕೊಡುವ ಆ ಯೋಜನೆಯನ್ನು ಮುಟ್ಟಬೇಕೆಂದು ನಾನಂತೂ ಎಂದೂ ಹೇಳುವುದಿಲ್ಲ.

ಮೊದಲು ಸಹಕಾರಿ ಬ್ಯಾಂಕಿನ ವಿಚಾರ ಹೇಳುತ್ತೇನೆ, ಏಕೆಂದರೆ ನನಗೆ ಹೆಚ್ಚು ಚಿಂತೆಯಿರುವುದು ಅದರದೇ. ಒಂದು ಬ್ಯಾಂಕಿನಲ್ಲಿ ಒಬ್ಬ ಠೇವಣಿದಾರರಿಗೆ ಸಿಗುವ ವಿಮೆ ಅಸಲು ಮತ್ತು ಬಡ್ಡಿ ಸೇರಿ 5 ಲಕ್ಷ ರೂಪಾಯಿ ಮಾತ್ರ. 2020ರ ಫೆಬ್ರುವರಿಗೆ ಮೊದಲು ಅದು ಬರೀ 1 ಲಕ್ಷವಿತ್ತು. ರಸೀದಿ ಎಷ್ಟೇ ಇರಲಿ, ಶಾಖೆ ಯಾವುದೇ ಇರಲಿ, ಒಂದೇ ಹೆಸರಿನಲ್ಲಿದ್ದರೆ ಎಲ್ಲವನ್ನೂ ಒಟ್ಟುಗೂಡಿಸಿಯೇ ಲೆಕ್ಕ ಹಾಕುತ್ತಾರೆ. ನಿಮ್ಮ 16 ಲಕ್ಷದಲ್ಲಿ 11 ಲಕ್ಷಕ್ಕೆ ಆ ರಕ್ಷಣೆಯಿಲ್ಲ. ನಮ್ಮ ಬ್ಯಾಂಕಿನಲ್ಲಿ ದೋಷವಿದೆ ಎಂದು ನಾನು ಹೇಳುತ್ತಿಲ್ಲ, ಅಲ್ಲಿನವರೆಲ್ಲ ನಿಮಗೆ ಪರಿಚಿತರೇ. ಆದರೆ 2020ರ ಜನವರಿಯಲ್ಲಿ ಬಸವನಗುಡಿಯ ಒಂದು ಸಹಕಾರಿ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕ್ ನಿರ್ಬಂಧ ಹೇರಿದಾಗ, ಜೀವಮಾನದ ಉಳಿತಾಯವನ್ನು ಅಲ್ಲಿಟ್ಟಿದ್ದ ನಿವೃತ್ತರಿಗೂ 35,000 ರೂಪಾಯಿಗಿಂತ ಹೆಚ್ಚು ತೆಗೆಯಲು ಅವಕಾಶವಿರಲಿಲ್ಲ. ಅವರೂ ಬ್ಯಾಂಕಿನವರನ್ನು ಹತ್ತಿರದಿಂದ ಬಲ್ಲವರೇ ಆಗಿದ್ದರು. ಠೇವಣಿ ಎಂದ ಮಾತ್ರಕ್ಕೆ ಅಪಾಯವೇ ಇಲ್ಲ ಎಂದು ನಾವು ಭಾವಿಸುವುದು ಸರಿಯಲ್ಲ.

ಎರಡನೆಯದು ಬಡ್ಡಿ. 2025ರ ಫೆಬ್ರುವರಿಯಿಂದ ಡಿಸೆಂಬರ್ ತನಕ ರಿಸರ್ವ್ ಬ್ಯಾಂಕ್ ರೆಪೊ ದರವನ್ನು ಶೇ 6.5ರಿಂದ 5.25ಕ್ಕೆ ಇಳಿಸಿದೆ, ಬ್ಯಾಂಕುಗಳೂ ಠೇವಣಿ ದರಗಳನ್ನು ಇಳಿಸಿವೆ. 2023ರಲ್ಲಿ ನೀವು ಇಟ್ಟ ಠೇವಣಿಗಳಿಗೆ ಸಿಕ್ಕ ದರ ನವೀಕರಣದಲ್ಲಿ ಸಿಗುವುದಿಲ್ಲ. ಶೇ 7 ಸಿಕ್ಕಿತೆಂದೇ ಇಟ್ಟುಕೊಳ್ಳೋಣ. ನಿಮ್ಮ ಪಿಂಚಣಿ ತಿಂಗಳಿಗೆ 85,000. ಅದಕ್ಕೆ ಎಲ್ಲ ಬಡ್ಡಿಯನ್ನು ಕೂಡಿಸಿ 75,000ದ ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದರೆ ವರ್ಷದ ಆದಾಯ ಸುಮಾರು 14 ಲಕ್ಷವಾಗುತ್ತದೆ. ಹೊಸ ತೆರಿಗೆ ಪದ್ಧತಿಯಲ್ಲಿ 12 ಲಕ್ಷದವರೆಗೆ ಸಿಗುವ ವಿನಾಯಿತಿ ನಿಮಗೆ ಅನ್ವಯಿಸುವುದಿಲ್ಲ, 12 ಲಕ್ಷ ಮೀರಿದ ಮೊತ್ತಕ್ಕೆ ಶೇ 15ರ ಹಂತದ ತೆರಿಗೆ ಬೀಳುತ್ತದೆ. ಸೆಸ್ ಸೇರಿದರೆ ಶೇ 15.6. ಹಾಗಾಗಿ ಶೇ 7ರಲ್ಲಿ ನಿಮ್ಮ ಕೈಯಲ್ಲಿ ಉಳಿಯುವುದು ಶೇ 5.9 ಮಾತ್ರ. ಬಡ್ಡಿ ಇನ್ನೂ ಕೈಗೆ ಬಾರದಿದ್ದರೂ, ಸಂಚಿತ ಠೇವಣಿಯಲ್ಲಿ ಸೇರುತ್ತ ಹೋಗಿದ್ದರೂ, ವರ್ಷವರ್ಷವೂ ತೆರಿಗೆ ಕಟ್ಟಬೇಕು.

ಇನ್ನು ಬೆಲೆ ಏರಿಕೆ. ವರ್ಷಕ್ಕೆ ಶೇ 5ರಂತೆ ಬೆಲೆ ಏರಿದರೆ ಇಂದು 50,000 ರೂಪಾಯಿಗೆ ನಡೆಯುವ ಮನೆಗೆ 20 ವರ್ಷದ ನಂತರ 1,32,000ಕ್ಕೂ ಹೆಚ್ಚು ಬೇಕು. ಬಡ್ಡಿಯನ್ನು ತೆಗೆದು ಖರ್ಚು ಮಾಡುತ್ತ ಹೋದರೆ ಇಂದಿನ 12 ಲಕ್ಷದ ಅಸಲಿಗೆ ಅಂದು ಇರುವ ಕೊಳ್ಳುವ ಶಕ್ತಿ ಇಂದಿನ ನಾಲ್ಕೂವರೆ ಲಕ್ಷದಷ್ಟೇ. ಕಾಗದದ ಮೇಲೆ ಒಂದು ರೂಪಾಯಿಯೂ ಕಡಿಮೆಯಾಗದೆ ಆಗುವ ನಷ್ಟ ಇದು. ಪಾಸ್‌ಬುಕ್ಕಿನಲ್ಲಿ ಎಲ್ಲಿಯೂ ಅದು ನಮೂದಾಗುವುದಿಲ್ಲ.

ನಿಮಗೆ ತುಟ್ಟಿಭತ್ಯೆಯಿದೆ, ಪಿಂಚಣಿ ಬೆಲೆಯ ಜೊತೆಗೇ ಏರುತ್ತದೆ ಎಂದು ನೀವು ಹೇಳುವಿರಿ. ನಿಜ, ಮತ್ತು ಅದು ದೊಡ್ಡ ಭಾಗ್ಯ. ಆದರೆ ಅಪ್ಪಾ, ಈ ಮಾತು ಬರೆಯಲು ಕೈ ಹಿಂಜರಿದರೂ ಬರೆಯದೆ ಇರಲಾರೆ: ಅಮ್ಮನಿಗೆ ಈಗ 61. ನಿಮ್ಮ ಪಿಂಚಣಿ ಕೊನೆಯ ಮೂಲ ವೇತನದ ಶೇ 50ರ ಲೆಕ್ಕದಲ್ಲಿ ಬರುತ್ತದೆ, ಕುಟುಂಬ ಪಿಂಚಣಿ ಶೇ 30ರ ಲೆಕ್ಕದಲ್ಲಿ. ಈಗಿನ 85,000 ಅಮ್ಮನ ಪಾಲಿಗೆ 51,000 ಆಗುತ್ತದೆ. ಆಸ್ಪತ್ರೆ, ಔಷಧ, ಮನೆಯಲ್ಲಿ ನೋಡಿಕೊಳ್ಳುವವರ ಸಂಬಳ ಇವೆಲ್ಲ ವಯಸ್ಸಿನೊಂದಿಗೆ ಏರುವ ಖರ್ಚುಗಳು. ಈ 12 ಲಕ್ಷವನ್ನು ನಿಮ್ಮ ಮುಂದಿನ ವರ್ಷದ ಹಣವೆಂದು ನೋಡದೆ, ಅಮ್ಮನ 75ನೇ ವಯಸ್ಸಿನ ಹಣವೆಂದು ನೋಡಿದರೆ ಅದಕ್ಕೆ ಬೆಳೆಯಲು ಕಾಲಾವಕಾಶವೂ ಇದೆ, ಬೆಳೆಯಬೇಕಾದ ಅಗತ್ಯವೂ ಇದೆ.

ನಿಮ್ಮ ಭಯ ಎಲ್ಲಿಂದ ಬಂದದ್ದೆಂದು ನನಗೆ ಗೊತ್ತು. ಸರ್ಕಾರದ ಬೆಂಬಲವಿದೆ ಎಂದು ನಂಬಿ ಮನೆ ಕಟ್ಟಲೆಂದು ನೀವು ಕೊಂಡಿಟ್ಟಿದ್ದ ಯೂನಿಟ್ ಟ್ರಸ್ಟಿನ ಯುಎಸ್-64 ಯೋಜನೆಯ ಯೂನಿಟ್‌ಗಳ ಮರುಖರೀದಿಯನ್ನು 2001ರ ಜುಲೈನಲ್ಲಿ ಏಕಾಏಕಿ ನಿಲ್ಲಿಸಿದರು; ಅಡಿಪಾಯ ಹಾಕಿ ಮುಗಿದಿದ್ದ ಮನೆಗೆ ಸಾಲ ಮಾಡಬೇಕಾಯಿತು. ನಿಮ್ಮ ಸಿಟ್ಟು ನ್ಯಾಯವಾದದ್ದು. ಆ ಯೋಜನೆ ತನ್ನಲ್ಲಿರುವ ಆಸ್ತಿಯ ನಿಜವಾದ ಮೌಲ್ಯಕ್ಕೆ ಯೂನಿಟ್ಟಿನ ಬೆಲೆಯನ್ನು ಕಟ್ಟಿರಲಿಲ್ಲ. ಬೆಲೆಯನ್ನು ಸಂಸ್ಥೆಯೇ ನಿಗದಿ ಮಾಡುತ್ತಿತ್ತು, ಆದ್ದರಿಂದ ಒಳಗೆ ಎಷ್ಟು ಟೊಳ್ಳಾಗಿದೆ ಎಂಬುದು ಕುಸಿಯುವ ತನಕ ಯೂನಿಟ್ ಹಿಡಿದವರಿಗೆ ತಿಳಿಯಲಿಲ್ಲ. ಅದು ಷೇರು ಮಾರುಕಟ್ಟೆಯ ನಿಯಂತ್ರಣ ಸಂಸ್ಥೆಯಾದ ಸೆಬಿಯ ನಿಯಮಗಳ ಹೊರಗಿತ್ತು. ನಾನು ಹೇಳುತ್ತಿರುವ ಫಂಡುಗಳು ಪ್ರತಿ ವ್ಯವಹಾರದ ದಿನವೂ ನಿವ್ವಳ ಆಸ್ತಿ ಮೌಲ್ಯವನ್ನು ಪ್ರಕಟಿಸಬೇಕು, ಯಾವ ಕಂಪನಿಯ ಷೇರು ಎಷ್ಟಿದೆ ಎಂಬುದನ್ನು ತಿಂಗಳಿಗೊಮ್ಮೆ ತೋರಿಸಬೇಕು. ಷೇರುಗಳು ಫಂಡ್ ನಡೆಸುವ ಕಂಪನಿಯ ಸ್ವತ್ತಲ್ಲ, ಟ್ರಸ್ಟಿನ ಹೆಸರಿನಲ್ಲಿ ಪ್ರತ್ಯೇಕ ಕಸ್ಟೋಡಿಯನ್ ಬಳಿ ಇರುತ್ತವೆ. ಹೀಗಿದ್ದರೂ ಬೆಲೆ ಇಳಿಯುತ್ತದೆ, ಆದರೆ ಇಳಿದದ್ದು ಅಂದೇ ನಮಗೆ ಕಾಣುತ್ತದೆ.

ಇಳಿತದ ವಿಚಾರವನ್ನು ಮರೆಮಾಚುವುದಿಲ್ಲ. ಸೆನ್ಸೆಕ್ಸ್ 2008ರ ಜನವರಿಯಲ್ಲಿ 21,000 ಮುಟ್ಟಿ ಅದೇ ಅಕ್ಟೋಬರ್‌ನಲ್ಲಿ 8,000ಕ್ಕಿಂತ ಕೆಳಗಿಳಿಯಿತು, ಮತ್ತೆ 21,000 ಕಾಣಲು 2010ರ ನವೆಂಬರ್ ಬರಬೇಕಾಯಿತು. 2020ರ ಜನವರಿಯಲ್ಲಿ 42,000ದ ಹತ್ತಿರವಿದ್ದದ್ದು ಮಾರ್ಚ್ 23ರಂದು 26,000ಕ್ಕಿಂತ ಕೆಳಗಿತ್ತು, ನವೆಂಬರ್ ಹೊತ್ತಿಗೆ ಮರಳಿ ಮೇಲೇರಿತು. ಅಂಥದ್ದು ಮತ್ತೆ ಆಗುತ್ತದೆ ಎಂದು ಎಣಿಸಿಯೇ ಲೆಕ್ಕ ಹಾಕಿದ್ದೇನೆ. 12 ಲಕ್ಷದಲ್ಲಿ 6 ಲಕ್ಷವನ್ನು ನಿಫ್ಟಿ 50 ಸೂಚ್ಯಂಕವನ್ನು ಅನುಸರಿಸುವ ಫಂಡಿಗೂ, 6 ಲಕ್ಷವನ್ನು ಷೇರು ಮತ್ತು ಸಾಲಪತ್ರ ಎರಡರಲ್ಲೂ ಹೂಡುವ ಹೈಬ್ರಿಡ್ ಫಂಡಿಗೂ ಹಾಕಿದೆವೆನ್ನಿ. ಮಾರುಕಟ್ಟೆ ಶೇ 40 ಕುಸಿದರೆ ಮೊದಲನೆಯದರಲ್ಲಿ 2.4 ಲಕ್ಷ, ಹೈಬ್ರಿಡ್‌ನಲ್ಲಿ ಶೇ 70ರಷ್ಟು ಷೇರು ಇದ್ದರೆ ಸುಮಾರು 1.7 ಲಕ್ಷ, ಒಟ್ಟು 4.1 ಲಕ್ಷ ಇಳಿಯುತ್ತದೆ. ಉಳಿದ 51 ಲಕ್ಷದಿಂದ ನಿಮಗೆ ಬರುವ ಒಂದು ವರ್ಷದ ಬಡ್ಡಿ ಸುಮಾರು 3.75 ಲಕ್ಷ. ಘೋರ ಕುಸಿತವೆಂದರೂ ನಮಗಾಗುವ ಪೆಟ್ಟು ಹೆಚ್ಚುಕಡಿಮೆ ಒಂದು ವರ್ಷದ ಬಡ್ಡಿಯಷ್ಟು. ಪಿಂಚಣಿ ಇರುವುದರಿಂದ ಆ ಹೊತ್ತಿನಲ್ಲಿ ಮಾರಲೇಬೇಕಾದ ಒತ್ತಡ ನಮಗೆ ಬರುವುದಿಲ್ಲ. ಮಾರುಕಟ್ಟೆ ಬಿದ್ದಾಗ ನಿಜವಾಗಿ ಹಣ ಕಳೆದುಕೊಂಡವರಲ್ಲಿ ಬಹುಪಾಲು ಜನ ಆಗಲೇ ಮಾರಬೇಕಾಗಿ ಬಂದವರು, ಇಲ್ಲವೇ ಹೆದರಿ ಮಾರಿದವರು.

ಒಂದೇ ಕಂಪನಿಯ ಷೇರು ಕೊಳ್ಳಿ ಎಂದು ಯಾರಾದರೂ ಹೇಳಿದರೆ ನಾನೇ ಅಡ್ಡ ನಿಲ್ಲುತ್ತೇನೆ. ತೀರ್ಥಹಳ್ಳಿಯ ತೋಟದಲ್ಲಿ ಅಜ್ಜ ಬರೀ ಅಡಿಕೆಯನ್ನೇ ನೆಚ್ಚದೆ ಮರಗಳಿಗೆ ಕಾಳುಮೆಣಸಿನ ಬಳ್ಳಿ ಹಬ್ಬಿಸಿ, ನಡುವೆ ಬಾಳೆ, ಏಲಕ್ಕಿ ಹಾಕಿದ್ದರಿಂದಲೇ ಕೊಳೆರೋಗ ಬಂದ ವರ್ಷಗಳಲ್ಲೂ ಮನೆ ನಡೆಯಿತೆಂದು ನೀವೇ ಹೇಳಿದ್ದೀರಿ. ನಿಫ್ಟಿ ಫಂಡಿನಲ್ಲಿ ಬ್ಯಾಂಕು, ತಂತ್ರಾಂಶ, ಔಷಧ, ಉಕ್ಕು, ವಾಹನ, ದಿನಬಳಕೆಯ ಸಾಮಾನು ಹೀಗೆ ಹಲವು ಉದ್ಯಮಗಳ 50 ದೊಡ್ಡ ಕಂಪನಿಗಳಿರುತ್ತವೆ. ಇನ್ಫೊಸಿಸ್, ಐಟಿಸಿ, ರಿಲಯನ್ಸ್, ಟಾಟಾ ಸ್ಟೀಲ್ ಎಲ್ಲವೂ ಅದರಲ್ಲಿವೆ. ಆ ಪಟ್ಟಿಯನ್ನು ವರ್ಷಕ್ಕೆ ಎರಡು ಬಾರಿ ಪರಿಷ್ಕರಿಸುತ್ತಾರೆ. ಯಾರ ಜಾಣತನವನ್ನೂ ನಂಬಬೇಕಾಗಿಲ್ಲ ಎಂಬುದೇ ನನಗೆ ಇದರಲ್ಲಿ ಹಿಡಿಸಿದ ಗುಣ. ಫಂಡಿನ ದಾಖಲೆಯ ಮೇಲೆ ಅಪಾಯದ ಮಟ್ಟ "ಅತಿ ಹೆಚ್ಚು" ಎಂದು ಮುದ್ರಿಸಿರುತ್ತಾರೆ. ಷೇರುಗಳೇ ಹೆಚ್ಚಿರುವ ಫಂಡುಗಳಿಗೆ ಸೆಬಿ ನಿಯಮದಂತೆ ಸಾಮಾನ್ಯವಾಗಿ ಹಾಗೆ ನಮೂದಿಸುತ್ತಾರೆ, ಅದನ್ನು ಕಂಡು ಗಾಬರಿಯಾಗಬೇಡಿ.

ತೆರಿಗೆಯೂ ನಮಗೆ ಅನುಕೂಲವೇ. ಮಾರದಿರುವ ತನಕ ಫಂಡಿನ ಬೆಳವಣಿಗೆಗೆ ತೆರಿಗೆಯಿಲ್ಲ. ಷೇರುಗಳ ಪಾಲು ಶೇ 65ಕ್ಕಿಂತ ಹೆಚ್ಚಿರುವ ಫಂಡನ್ನು ಒಂದು ವರ್ಷದ ಮೇಲೆ ಇಟ್ಟು ಮಾರಿದರೆ, ವರ್ಷಕ್ಕೆ 1.25 ಲಕ್ಷದ ತನಕ ಲಾಭಕ್ಕೆ ತೆರಿಗೆಯಿಲ್ಲ, ಅದರ ಮೇಲಿನದಕ್ಕೆ ಶೇ 12.5. ಜೊತೆಗೆ 12 ಲಕ್ಷದ ಬಡ್ಡಿ ನಿಮ್ಮ ಆದಾಯದಿಂದ ಇಳಿದರೆ ವರ್ಷಕ್ಕೆ ಸುಮಾರು 13,000 ರೂಪಾಯಿ ತೆರಿಗೆ ಉಳಿಯುತ್ತದೆ.

ಯಾವ ಠೇವಣಿಯನ್ನೂ ಅವಧಿಗೆ ಮುಂಚೆ ಮುರಿಯುವುದು ಬೇಡ, ದಂಡ ಕಟ್ಟಬೇಕಾಗುತ್ತದೆ. ಸಹಕಾರಿ ಬ್ಯಾಂಕಿನ 4 ಲಕ್ಷದ ರಸೀದಿ ಫೆಬ್ರುವರಿ 17ಕ್ಕೆ, 5 ಲಕ್ಷದ್ದು ಏಪ್ರಿಲ್‌ನಲ್ಲಿ, 3 ಲಕ್ಷದ್ದು ಜೂನ್‌ನಲ್ಲಿ ಮುಗಿಯುತ್ತವೆ. ಆ ಹಣ ನಿಮ್ಮ ರಾಷ್ಟ್ರೀಕೃತ ಬ್ಯಾಂಕಿನ ಉಳಿತಾಯ ಖಾತೆಗೆ ಬರಲಿ. ಮಾರ್ಚ್‌ನಿಂದ ತಿಂಗಳಿಗೆ 1 ಲಕ್ಷದಂತೆ, ಎರಡೂ ಫಂಡಿಗೆ 50,000ದಂತೆ, ಒಂದು ವರ್ಷ ಹಾಕುತ್ತ ಹೋಗೋಣ. ಸಹಕಾರಿ ಬ್ಯಾಂಕಿನಲ್ಲಿ ಉಳಿಯುವ 4 ಲಕ್ಷ ವಿಮೆಯ ಮಿತಿಯೊಳಗೇ ಇರುತ್ತದೆ. ನಡುವೆ ನಿಮಗೆ ಸರಿಬರದಿದ್ದರೆ ಯಾವ ತಿಂಗಳಾದರೂ ನಿಲ್ಲಿಸಬಹುದು.

ಖಾತೆ ನಿಮ್ಮ ಮತ್ತು ಅಮ್ಮನ ಜಂಟಿ ಹೆಸರಿನಲ್ಲಿರಲಿ, ಇಬ್ಬರಲ್ಲಿ ಯಾರಾದರೂ ನಡೆಸುವಂತಿರಲಿ, ನಾಮಿನಿಯಾಗಿ ತಮ್ಮನನ್ನೂ ನನ್ನನ್ನೂ ಸೇರಿಸಿ. ಮಾರಿದ ಹಣ ಎರಡು ಮೂರು ಕೆಲಸದ ದಿನಗಳಲ್ಲಿ ನೋಂದಾಯಿಸಿದ ಬ್ಯಾಂಕ್ ಖಾತೆಗೇ ಬರುತ್ತದೆ, ಬೇರೆ ಯಾರ ಖಾತೆಗೂ ಹೋಗದು, ನನ್ನ ಖಾತೆಗೂ. ದಲ್ಲಾಳಿಯಿಲ್ಲದ ಡೈರೆಕ್ಟ್ ಪ್ಲಾನ್ ತೆಗೆದುಕೊಳ್ಳೋಣ, ಕಮಿಷನ್ ಉಳಿಯುತ್ತದೆ. ಒಂದು ಮಾತನ್ನಂತೂ ನಡೆಸಿಕೊಡಿ: ಫಂಡಿನ ಹೆಸರು ಹೇಳಿ ಬ್ಯಾಂಕಿನ ಕೌಂಟರಿನಲ್ಲಿ ಯಾರಾದರೂ ವಿಮಾ ಪಾಲಿಸಿಯ ಅರ್ಜಿಯನ್ನು ಮುಂದಿಟ್ಟರೆ ನನಗೆ ಫೋನ್ ಮಾಡದೆ ಸಹಿ ಹಾಕಬೇಡಿ.

ಫೆಬ್ರುವರಿ 7ರ ಶನಿವಾರ ನಾನು ಊರಿಗೆ ಬರುತ್ತೇನೆ. ನಿಮ್ಮಿಬ್ಬರ ಪ್ಯಾನ್, ಆಧಾರ್ ಮತ್ತು ಒಂದು ರದ್ದುಪಡಿಸಿದ ಚೆಕ್ ತೆಗೆದಿಡಿ; ಕೆವೈಸಿ ಮುಗಿಸೋಣ. 4 ಲಕ್ಷದ ರಸೀದಿಗೆ ತಾನಾಗಿ ನವೀಕರಣವಾಗುವ ಸೂಚನೆಯಿದೆ. ನೀವು ಒಪ್ಪಿದರೆ ಸೋಮವಾರ ಬ್ಯಾಂಕಿಗೆ ಹೋಗಿ ಅದನ್ನು ಬದಲಿಸಲು ಬರೆದುಕೊಡಿ. ಪೂರ್ತಿ ಒಪ್ಪಿಗೆ ಇಲ್ಲದಿದ್ದರೆ ಈ 4 ಲಕ್ಷದಿಂದ ಮಾತ್ರ ಆರಂಭಿಸೋಣ, ಏಪ್ರಿಲ್‌ನದನ್ನು ಆಗ ನೋಡೋಣ. ಅಮ್ಮನಿಗೂ ಈ ಪತ್ರವನ್ನು ಓದಿ ಹೇಳಿ. ಇದರಲ್ಲಿ ಅವಳ ಅಭಿಪ್ರಾಯ ನನಗೆ ನಿಮ್ಮದರಷ್ಟೇ ಮುಖ್ಯ.

ಇಂತಿ ನಿಮ್ಮ ಆಶೀರ್ವಾದ ಬೇಡುವ ಮಗಳು,
ಸುಮಾ