ಸೇರಿಗೆ ಸವ್ವಾಸೇರು!

ಮಕ್ಕಳೇ, ಒಂದು ಲೆಕ್ಕ. ಸುಲಭ ಅನ್ನಿಸುತ್ತೆ, ಆದರೆ ಅಲ್ಲ.

1957ರ ಏಪ್ರಿಲ್ 1. ಅವತ್ತಿಂದ ರೂಪಾಯಿಗೆ 100 ನಯಾಪೈಸೆ. ಅದುವರೆಗೆ ರೂಪಾಯಿಗೆ 16 ಆಣೆ ಇತ್ತು. ಒಂದು ಆಣೆ ಕೊಟ್ಟರೆ 6 ನಯಾಪೈಸೆ, ನಾಲ್ಕಾಣೆ ಒಟ್ಟಿಗೆ ಕೊಟ್ಟರೆ 25. ಹಾಗಾದರೆ ನಾಲ್ಕು ಸಲ ಒಂದೊಂದೇ ಆಣೆ ಕೊಟ್ಟವನಿಗೆ ಸಿಕ್ಕಿದ್ದು 24 ಅಲ್ವಾ? ಆ ಒಂದು ಪೈಸೆ ಎಲ್ಲಿ ಹೋಯಿತು?

ಉತ್ತರ ಗೂಗಲ್‌ನಲ್ಲಿ ಹುಡುಕಬೇಡಿ. ನಮ್ಮ ಮ್ಯೂಸಿಯಂನಲ್ಲಿ ಆಣೆಕಾಸಿನ ಅಂಗಡಿ ಇಟ್ಟಿದ್ದೇವೆ, ನೀವೇ ಶೆಟ್ಟರು, ನೀವೇ ಗಿರಾಕಿ, ಜಗಳ ಆಡಿ ಕಂಡುಹಿಡಿಯಿರಿ.

ಇಲ್ಲಿ 'ಮುಟ್ಟಬೇಡಿ' ಅನ್ನೋ ಬೋರ್ಡೇ ಇಲ್ಲ. ಸೇರು, ಪಾವು, ಚಟಾಕು, ಕೊಳಗ, ತಕ್ಕಡಿ ಎಲ್ಲವನ್ನೂ ಎತ್ತಿ ನೋಡಬಹುದು. ನಾಲ್ಕು ಪಾವಿಗೆ ಒಂದು ಸೇರು, ಅದು ನಿಮ್ಮ ಅಜ್ಜಿಗೆ ಗೊತ್ತು. ಆದರೆ ಅದೇ ಸೇರಿನಲ್ಲಿ ಒಂದು ಸಲ ರಾಗಿ, ಇನ್ನೊಂದು ಸಲ ಅವಲಕ್ಕಿ ತುಂಬಿಸಿ ತೂಕ ಹಾಕಿ ನೋಡಿ, ಆಮೇಲೆ ಮಾತಾಡೋಣ. ರಾಶಿ ಅಳೆಯುವಾಗ ಹಿರಿಯರು 'ಒಂದು' ಅನ್ನದೆ 'ಲಾಭ' ಅಂತ ಶುರು ಮಾಡುತ್ತಿದ್ದರು. ನೀವೂ ಹಾಗೇ ಶುರು ಮಾಡಬೇಕು, ಇಲ್ಲಾಂದ್ರೆ ಆಟದಿಂದ ಔಟ್.

ಅಂಗಳದಲ್ಲಿ ಸುಣ್ಣದಲ್ಲಿ ಒಂದು ಗುಂಟೆ ಗೆರೆ ಎಳೆದಿದ್ದೇವೆ, 33 ಅಡಿ ಉದ್ದ, 33 ಅಡಿ ಅಗಲ. ನಿಮ್ಮ ಇಡೀ ತರಗತಿ ಅದರೊಳಗೆ ಓಡಬಹುದು. ಇಂಥ 40 ಸೇರಿದರೆ ಒಂದು ಎಕರೆ. ಪಕ್ಕದಲ್ಲೇ 124.80 ಅಡಿಯ ಹಗ್ಗ ಮಲಗಿದೆ. ಕನ್ನಂಬಾಡಿ ಕಟ್ಟೆ ತುಂಬಿತು ಅಂತ ಮಳೆಗಾಲದಲ್ಲಿ ಮಂಡ್ಯದ ಮನೆಮನೆಯಲ್ಲೂ ಹೇಳುವ ಆ ಅಂಕಿ ಎಷ್ಟು ಉದ್ದ ಅಂತ ನಡೆದೇ ನೋಡಿ.

ಈಗ ಮೇಷ್ಟ್ರೇ, ಟೀಚರ್, ಇದು ನಿಮಗೆ. (ಮಕ್ಕಳು ಓದಬೇಡಿ.)

ಬಸ್ಸು ಹತ್ತಿಸುವಾಗ ಒಂದು ಸಲ, ಇಳಿಸುವಾಗ ಒಂದು ಸಲ, ನಡುವೆ ಯಾರೋ ವಾಂತಿ ಮಾಡಿದಾಗ ಇನ್ನೊಂದು ಸಲ ತಲೆ ಎಣಿಸಿ ಸುಸ್ತಾಗಿ ಬಂದಿರುತ್ತೀರಿ, ಅದು ನಮಗೆ ಗೊತ್ತು. ಹಜಾರಕ್ಕೆ ಇರೋದು ಒಂದೇ ಬಾಗಿಲು. ಆ ಬಾಗಿಲ ಪಕ್ಕ ಬೆನ್ನಿಗೆ ಆಸರೆ ಇರುವ ಕುರ್ಚಿಗಳು, ಫ್ಯಾನ್, ಬಿಸಿ ಬಿಸಿ ಕಾಫಿ. ಮಕ್ಕಳ ಜೊತೆ ನಮ್ಮ ಹುಡುಗರು ಇರುತ್ತಾರೆ. ಮುಖ್ಯ ಅತಿಥಿ ಇಲ್ಲ, ಭಾಷಣ ಇಲ್ಲ, ಪ್ರಬಂಧ ಬರೆಸೋದಂತೂ ಇಲ್ಲವೇ ಇಲ್ಲ. ಸುಮ್ನೆ ಕೂತ್ಕೊಳ್ಳಿ. ಅಳತೆಯ ಪಾಠ ಅದರಷ್ಟಕ್ಕೆ ಆಗುತ್ತಿರುತ್ತೆ.

ಡಿಸೆಂಬರ್ ಪೂರ್ತಿ, ಬೆಳಿಗ್ಗೆ 10ರಿಂದ ಸಂಜೆ 5. ಸೋಮವಾರ ನಮಗೂ ರಜೆ ಬೇಕು. ಶಾಲಾ ಮಕ್ಕಳಿಗೆ ದುಡ್ಡಿಲ್ಲ, ಮೇಷ್ಟ್ರಿಗೆ ಕಾಫಿಗೂ ದುಡ್ಡಿಲ್ಲ.

ಬರುವಾಗ ಮನೆಯ ಅಟ್ಟ ಒಂದು ಸಲ ಹುಡುಕಿ. ಹಳೇ ಪಾವು ಸಿಕ್ಕರೆ ತನ್ನಿ, ನಮ್ಮ ಪಾವಿನ ಪಕ್ಕ ಇಟ್ಟು ರಾಗಿ ಸುರಿದು ನೋಡೋಣ, ಯಾರದು ದೊಡ್ಡದು ಅಂತ.