ಮನೆಗೆ ಹೊರಡುವ ಮುನ್ನ: ಚೊಚ್ಚಲ ಬಾಣಂತಿಯರಿಗೆ

ಮಗು ಕೇಳಿದಾಗಲೆಲ್ಲ ಹಾಲು ಕೊಡಿ, ರಾತ್ರಿ ಕೂಡ. ದಿನಕ್ಕೆ 8ರಿಂದ 12 ಸಲ ಆಗುತ್ತದೆ. ಅತ್ತ ಮೇಲೆ ಕೊಡೋಣ ಅಂತ ಕಾಯಬೇಡಿ. ಬಾಯಿ ಚಪ್ಪರಿಸಿದರೆ, ಕೈ ಬಾಯಿಗೆ ಇಟ್ಟರೆ ಹಸಿವಾಗಿದೆ ಅಂತಲೇ ಅರ್ಥ.

ಮಗುವಿನ ಹೊಟ್ಟೆ ನಿಮ್ಮ ಹೊಟ್ಟೆಗೆ ತಾಗಿರಲಿ. ಬಾಯಿ ಅಗಲವಾಗಿ ತೆರೆದಾಗ ಎದೆಗೆ ಹಚ್ಚಿ. ಬರೀ ತೊಟ್ಟಲ್ಲ, ಸುತ್ತಲಿನ ಕಪ್ಪು ಭಾಗವೂ ಬಾಯೊಳಗೆ ಹೋಗಬೇಕು. ಮಗುವಿನ ಗದ್ದ ಎದೆಗೆ ಒತ್ತಿರಬೇಕು. ಚುಚ್ಚಿದ ಹಾಗೆ ನೋವಾದರೆ ಸಹಿಸಿಕೊಂಡು ಕೂರಬೇಡಿ. ಕಿರುಬೆರಳನ್ನು ಮಗುವಿನ ಬಾಯಿಯ ಅಂಚಿಗೆ ತೂರಿಸಿ ಬಿಡಿಸಿ, ಮತ್ತೆ ಹಚ್ಚಿ.

ಹಾಲು ಸಾಲುತ್ತಿಲ್ಲ ಅಂತ ಮನೆಯಲ್ಲಿ ಯಾರಾದರೂ ಹೇಳಿಯೇ ಹೇಳುತ್ತಾರೆ, ಅಲ್ವಾ? ಹೆದರಬೇಡಿ, ಉಚ್ಚೆ ಎಣಿಸಿ. ಮೊದಲ ವಾರ ಕಳೆದ ಮೇಲೆ ದಿನಕ್ಕೆ 6 ಸಲ ಅಥವಾ ಜಾಸ್ತಿ ಹೋದರೆ ಸಾಕಾಗುತ್ತಿದೆ. 6 ತಿಂಗಳವರೆಗೆ ಜೇನು, ಸಕ್ಕರೆ ನೀರು, ಬಜೆ, ಹಸುವಿನ ಹಾಲು ಯಾವುದೂ ಬೇಡ. ಬೇಸಿಗೆಯಲ್ಲೂ ನೀರು ಬೇಡ. ನೀವು ಮಾತ್ರ ಚೆನ್ನಾಗಿ ಊಟ ಮಾಡಿ, ಬಾಯಾರಿದಾಗ ನೀರು ಕುಡಿಯಿರಿ. ಬಾಣಂತಿಗೆ ನೀರು ಕೊಡಬಾರದು ಅನ್ನುವ ಮಾತು ಸರಿಯಲ್ಲ.

ಹೊಕ್ಕುಳಬಳ್ಳಿಗೆ ಎಣ್ಣೆ, ಅರಿಶಿನ, ಬೂದಿ, ಪೌಡರ್ ಹಚ್ಚಬೇಡಿ. ಒಣಗಿ ತಾನಾಗಿಯೇ ಬೀಳುತ್ತದೆ. ತಲೆಗೆ ಟೋಪಿ, ಕಾಲಿಗೆ ಸಾಕ್ಸ್ ಹಾಕಿ. ಹೊಗೆ ಹಾಕಬೇಡಿ.

ಮಗು ಹಾಲು ಬಿಟ್ಟರೆ, ಮೈ ಸುಟ್ಟರೆ ಅಥವಾ ತಣ್ಣಗಾದರೆ, ಏದುಸಿರು ಬಿಟ್ಟರೆ, ಫಿಟ್ಸ್ ಬಂದರೆ, ಅಂಗೈ ಅಂಗಾಲು ಹಳದಿಯಾದರೆ ಬೆಳಗಾಗಲಿ ಅನ್ನಬೇಡಿ. ನಿಮಗೆ ರಕ್ತಸ್ರಾವ ಜಾಸ್ತಿಯಾದರೂ ಅಷ್ಟೇ. 108ಕ್ಕೆ ಕರೆ ಮಾಡಿ, ತಾಯಿ ಕಾರ್ಡ್ ಹಿಡಿದು ಬನ್ನಿ.